ಪದ ಬೇಕು: ಹೊಟ್ಟೆ ಡಯಾಲಿಸಿಸ್‌ನ ‘ಕ್ಲೌಡಿ’ ದ್ರವ

ಸುಧಾ: ರೋಗಿಗಳ ಕೈಪಿಡಿ ಸಂಜೆ ಅಚ್ಚಿಗೆ ಹೋಗಬೇಕು. ಹಳೆಯ ಪ್ರತಿಯಲ್ಲಿ ಹೀಮೋಡಯಾಲಿಸಿಸ್ ‘ರಕ್ತಶುದ್ಧಿ’, ಪೆರಿಟೋನಿಯಲ್ ಡಯಾಲಿಸಿಸ್ ‘ಉದರಶುದ್ಧಿ’ ಆಗಿದೆ. ಹೊಟ್ಟೆಯಿಂದ ಇಳಿದ ದ್ರವ ‘ಕ್ಲೌಡಿ’ ಇದ್ದರೆ ಕೂಡಲೇ ತಿಳಿಸಿ ಅನ್ನೋ ಕಡೆ ‘ಮೋಡ ಕವಿದ ದ್ರವ’ ಅಂತಿದೆ. ನಗಬೇಡಿ, ಪದ ಕೊಡಿ.

ರಾಘವೇಂದ್ರ: ಬಗ್ಗಡ. ಅಚ್ಚಗನ್ನಡ. ಡಯಾಲಿಸಿಸ್‌ಗೆ ‘ಸೋಸುವಿಕೆ’ ಸಾಕು. ನೆತ್ತರುಸೋಸು, ಹೊಟ್ಟೆಸೋಸು. ಗ್ರೀಕರ ಸಾಲ ಯಾಕೆ?

ಮುನಿಯಪ್ಪ: ನನಗೆ ವಾರಕ್ಕೆ 3 ಸಲ, ಸಲಕ್ಕೆ 4 ಗಂಟೆ. ಎರಡು ದಿನ ಮೈಯಲ್ಲಿ ಸೇರಿದ ನೀರನ್ನು ಅಷ್ಟರೊಳಗೆ ಎಳೆಯುತ್ತಾರಲ್ಲ, ಕೊನೆಗೆ ಬಿಪಿ ಇಳಿದು ಮೀನಖಂಡ ಹಿಡಿದುಕೊಳ್ಳುತ್ತದೆ. ಆದರೆ ರಕ್ತ ಮೋಡದ ಹಾಗೆ ಯಾವತ್ತೂ ಕಂಡಿಲ್ಲ. ನಾವು ‘ಮೆಷಿನ್ ಡಯಾಲಿಸಿಸ್’ ಅಂತೀವಿ.

ಶೈಲಜಾ: ಮುನಿಯಪ್ಪನವರೇ, ಕೇಳಿದ್ದು ರಕ್ತದ ವಿಷಯ ಅಲ್ಲ. ‘ಮೆಷಿನ್’ ಅಂದರೂ ಗೊಂದಲವೇ, ರಾತ್ರಿ ಮಲಗಿದಾಗ ಹೊಟ್ಟೆಯ ದ್ರವ ಬದಲಿಸುವ ಮೆಷಿನ್ನೂ ಇದೆ. ‘ಉದರಶುದ್ಧಿ’ ಅಂದರೆ ಜನ ಭೇದಿಗೆ ಮಾತ್ರೆ ಅಂದುಕೊಳ್ಳುತ್ತಾರೆ. ಅಲ್ಲೂ ಶುದ್ಧಿಯಾಗೋದು ರಕ್ತವೇ, ಹೊಟ್ಟೆಯ ಒಳಪೊರೆಯ ರಕ್ತನಾಳಗಳಲ್ಲಿ.

‘ಸೋಸು’ ಅರ್ಧ ಸರಿ. ಸೋಸುವುದಷ್ಟೇ ಆಗಿದ್ದರೆ ಸುಮಾರು 2 ಲೀಟರ್ ದ್ರವವನ್ನು 4ರಿಂದ 6 ಗಂಟೆ ಹೊಟ್ಟೆಯಲ್ಲಿ ನಿಲ್ಲಿಸೋದು ಯಾಕೆ? ರಕ್ತದಲ್ಲಿ ಜಾಸ್ತಿ ಇರುವ ಕಲ್ಮಶ ಪೊರೆ ದಾಟಿ ನಿಧಾನಕ್ಕೆ ದ್ರವಕ್ಕೆ ಬರಬೇಕು, ದ್ರವದ ಸಕ್ಕರೆ ನೀರನ್ನು ಎಳೆಯಬೇಕು. ಆಮೇಲೆ ಇಳಿಸಿ ಹೊಸದು ತುಂಬೋದು, ದಿನಕ್ಕೆ ಸಾಮಾನ್ಯವಾಗಿ 4 ಸಲ.

‘ಬಗ್ಗಡ’ ಮಾತ್ರ ಬೇಡ. ನಾನು ನೋಡಿಕೊಳ್ಳುತ್ತಿದ್ದ ಒಬ್ಬರ ಕೈಪಿಡಿಯಲ್ಲಿ ‘ಕೆಸರುನೀರಿನಂತೆ’ ಅಂತಿತ್ತು. ಅವರ ಚೀಲದಲ್ಲಿ ಬಂದದ್ದು ಬಿಳಿಚು ಮಬ್ಬು. ಕೆಸರಿಲ್ಲವಲ್ಲ ಅಂತ ಎರಡು ದಿನ ಸುಮ್ಮನಿದ್ದರು, ಹೊಟ್ಟೆನೋವು ತಡೆಯಲಾಗದೆ ಬಂದರು. ಆ ಮಬ್ಬು ಬಿಳಿರಕ್ತಕಣಗಳದ್ದು, ಪೊರೆಗೆ ಸೋಂಕು ತಗಲಿತ್ತು. ದ್ರವವನ್ನು ಪರೀಕ್ಷೆಗೆ ಕಳಿಸಿ, ಆ್ಯಂಟಿಬಯಾಟಿಕ್ಕನ್ನು ಹೊಸ ಚೀಲಕ್ಕೇ ಬೆರೆಸಿ ಹೊಟ್ಟೆಗೆ ಬಿಟ್ಟೆವು. ಟ್ಯೂಬಿನ ತುದಿ ಜೋಡಿಸುವಾಗ ಕೈ ತಗಲಿತ್ತಂತೆ.

ಚೆನ್ನಾಗಿರುವ ದ್ರವ ತಿಳಿಹಳದಿ, ಆಚೆಬದಿ ಕಾಣುತ್ತದೆ. ಚೀಲವನ್ನು ಅಚ್ಚಾದ ಹಾಳೆಯ ಮೇಲಿಡಿ. ಅಕ್ಷರ ಓದಲು ಬರದಿದ್ದರೆ ಅದೇ ‘ಕ್ಲೌಡಿ’.

ರಾಘವೇಂದ್ರ: ಬಗ್ಗಡ ಅಂದರೆ ಕೆಸರೇ ಅಂತ ಯಾರು ಹೇಳಿದ್ದು? ತಿಳಿಯಲ್ಲದ್ದೆಲ್ಲ ಬಗ್ಗಡವೇ. ರೋಗಿ ತಪ್ಪು ತಿಳಿದರೆ ಪದದ ತಪ್ಪೇ?

ಶೈಲಜಾ: ಕೈಪಿಡಿಯಲ್ಲಿ ಹೌದು.

ಸುಧಾ: ಹೀಗೆ ಕಳಿಸುತ್ತಿದ್ದೇನೆ: ‘ದ್ರವ ಮಬ್ಬಾಗಿದ್ದರೆ, ಚೀಲದಡಿಯ ಅಕ್ಷರ ಓದಲು ಬರದಿದ್ದರೆ, ನೋವಿಲ್ಲದಿದ್ದರೂ ಆಗಲೇ ತಿಳಿಸಿ. ಚೀಲ ಎಸೆಯದೆ ತನ್ನಿ.’ ತಲೆಬರಹಕ್ಕೆ ‘ರಕ್ತದ ಡಯಾಲಿಸಿಸ್’, ‘ಹೊಟ್ಟೆಯ ಡಯಾಲಿಸಿಸ್’.

ರಾಘವೇಂದ್ರ: ‘ರಕ್ತ’ ಸಂಸ್ಕೃತ, ‘ಡಯಾಲಿಸಿಸ್’ ಗ್ರೀಕ್. ನಡುವಿನ ‘ದ’ ಒಂದೇ ಕನ್ನಡ. ಶಹಬ್ಬಾಸ್.

ಮುನಿಯಪ್ಪ: ಶಹಬ್ಬಾಸ್ ಯಾವ ಭಾಷೆ ಸ್ವಾಮಿ?