ಜೋಕಾಲಿಯ ವಿಡಿಯೋದಿಂದ ಮಸುಕಿಲ್ಲದ ಒಂದು ಫೋಟೋ ತೆಗೆಯುವುದು ಹೇಗೆ?

ಪ್ರಶ್ನೆ

ಮಗಳು ಜೋಕಾಲಿ ಆಡುವಾಗ ಪಕ್ಕದಲ್ಲಿ ನಿಂತು ಫೋನಿನಲ್ಲಿ ವಿಡಿಯೋ ಮಾಡಿದ್ದೆ. ಎಂಟು ಸೆಕೆಂಡ್ ಇದೆ, 1080p, ಸೆಕೆಂಡಿಗೆ 30 ಫ್ರೇಮ್. ಸಂಜೆಯ ಬೆಳಕು. ಓಡಿಸಿ ನೋಡಿದರೆ ತುಂಬಾ ಚೆನ್ನಾಗಿದೆ. ಆದರೆ ನಿಲ್ಲಿಸಿ ಸ್ಕ್ರೀನ್‌ಶಾಟ್ ತೆಗೆದರೆ ಮುಖ ಒಂದು ಕಡೆಗೆ ಎಳೆದ ಹಾಗೆ ಮಸುಕಾಗಿರುತ್ತದೆ. ಇದರಿಂದ ಪ್ರಿಂಟ್ ಹಾಕಿಸುವಂಥ ಒಂದು ಫೋಟೋ ಸಿಗಬಹುದಾ?

ವಿಡಿಯೋ ಎಡಿಟರ್

ಸಿಗುತ್ತದೆ ಮೇಡಂ. ಜೋಕಾಲಿ ಆಗಿರುವುದು ನಿಮ್ಮ ಅದೃಷ್ಟ, ಯಾಕೆ ಅಂತ ಹೇಳುತ್ತೇನೆ.

ಪ್ರತಿ ಫ್ರೇಮ್ ತೆಗೆಯುವಾಗ ಕ್ಯಾಮೆರಾ ಸ್ವಲ್ಪ ಹೊತ್ತು ಬೆಳಕು ತುಂಬಿಕೊಳ್ಳುತ್ತದೆ. ಸಂಜೆಯಲ್ಲಿ ಅದು ಸೆಕೆಂಡಿನ 60ನೇ ಒಂದು ಭಾಗ ಇರಬಹುದು, ಇನ್ನೂ ಜಾಸ್ತಿಯೂ ಇರಬಹುದು. ಅಷ್ಟು ಹೊತ್ತಿನಲ್ಲಿ ಮುಖ ಎಷ್ಟು ದೂರ ಸರಿಯಿತೋ ಅಷ್ಟು ಉದ್ದಕ್ಕೆ ಮಸುಕು. ಓಡುವಾಗ ಒಂದರ ಹಿಂದೆ ಒಂದು ಫ್ರೇಮ್ ಬರುವುದರಿಂದ ಕಣ್ಣಿಗೆ ಅದು ಗೊತ್ತಾಗುವುದಿಲ್ಲ. ನಿಲ್ಲಿಸಿದಾಗ ಎದ್ದು ಕಾಣುತ್ತದೆ.

ಈಗ ನಿಮ್ಮ ಜೋಕಾಲಿಯನ್ನೇ ತಗೊಳ್ಳೋಣ. ಪರದೆಯ ಮೇಲೆ ಮುಖ ಒಂದು ತುದಿಯಿಂದ ಇನ್ನೊಂದು ತುದಿಗೆ 1200 ಪಿಕ್ಸೆಲ್ ಹೋಗುತ್ತದೆ, ಹೋಗಿ ಬರಲು ಎರಡೂವರೆ ಸೆಕೆಂಡ್ ಬೇಕು ಅಂದುಕೊಳ್ಳಿ. ಕೆಳಗೆ ನಡುವಿನಲ್ಲಿ ವೇಗ ಸೆಕೆಂಡಿಗೆ ಸುಮಾರು 1500 ಪಿಕ್ಸೆಲ್ ಆಗುತ್ತದೆ. 60ನೇ ಒಂದು ಭಾಗದಲ್ಲಿ 25 ಪಿಕ್ಸೆಲ್ ಎಳೆತ. ಅಲ್ಲಿ ಕಣ್ಣು, ಮೂಗು ಎಲ್ಲ ಕಲಸಿಹೋಗಿರುತ್ತದೆ. ಆದರೆ ಎರಡೂ ತುದಿಗಳಲ್ಲಿ ಜೋಕಾಲಿ ಒಂದು ಕ್ಷಣ ನಿಂತೇ ಹಿಂದಿರುಗಬೇಕು. ಆ ತುದಿಯ ಫ್ರೇಮಿನಲ್ಲಿ ಎಳೆತ ಬಹುತೇಕ ಇರುವುದೇ ಇಲ್ಲ. ಅದರ ಹಿಂದಿನ, ಮುಂದಿನ ಫ್ರೇಮುಗಳಲ್ಲಿ ಎರಡು ಪಿಕ್ಸೆಲ್. ಐದು ಫ್ರೇಮ್ ದೂರ ಹೋದರೆ ಆಗಲೇ ಹತ್ತು ಪಿಕ್ಸೆಲ್.

ಅಂದರೆ ಒಂದೊಂದು ತುದಿಯಲ್ಲಿ ಮೂರು ಒಳ್ಳೆಯ ಫ್ರೇಮ್. ಎಂಟು ಸೆಕೆಂಡಿನಲ್ಲಿ ಆರು ತುದಿಗಳಾದರೂ ಬರುತ್ತವೆ. 240 ಫ್ರೇಮುಗಳಲ್ಲಿ ನೀವು ನಿಜವಾಗಿ ನೋಡಬೇಕಾದದ್ದು ಹದಿನೆಂಟು, ಅಷ್ಟೇ.

ಸ್ಕ್ರೀನ್‌ಶಾಟ್ ಮಾತ್ರ ಬಿಟ್ಟುಬಿಡಿ. ಅದು ಪರದೆಯ ಚಿತ್ರ. ಪರದೆಗೆ ಹೊಂದಿಸಲು ಫೋನ್ ವಿಡಿಯೋವನ್ನು ಹಿಗ್ಗಿಸಿಯೋ ಕುಗ್ಗಿಸಿಯೋ ತೋರಿಸುತ್ತಿರುತ್ತದೆ, ಅದೇ ಉಳಿಯುತ್ತದೆ. ಮೂಲ ಫೈಲನ್ನು ಕಂಪ್ಯೂಟರಿಗೆ ಹಾಕಿ VLC ಯಲ್ಲಿ ತೆರೆಯಿರಿ. ತುದಿಗೆ ಸ್ವಲ್ಪ ಮುಂಚೆ ನಿಲ್ಲಿಸಿ E ಒತ್ತುತ್ತಾ ಹೋದರೆ ಒಂದೊಂದೇ ಫ್ರೇಮ್ ಮುಂದಕ್ಕೆ ಹೋಗುತ್ತದೆ. ಚೆನ್ನಾಗಿರುವುದು ಸಿಕ್ಕಾಗ Shift+S. ವಾಟ್ಸಾಪಿನಲ್ಲಿ ಯಾರಿಗೋ ಕಳಿಸಿ ವಾಪಸ್ ಪಡೆದ ಫೈಲ್ ಬೇಡ, ಅದು ಕುಗ್ಗಿರುತ್ತದೆ.

ಒಂದು ವಿಷಯ ಕೇಳಬೇಕು. ಫೋನನ್ನು ಒಂದೇ ಕಡೆ ಹಿಡಿದಿದ್ದಿರಾ, ಅಥವಾ ಮಗುವಿನ ಹಿಂದೆ ತಿರುಗಿಸುತ್ತಿದ್ದಿರಾ?

ಸದಸ್ಯ 1

ಇಷ್ಟೆಲ್ಲಾ ಹುಡುಕುವುದು ಯಾಕೆ ಸರ್? ವಿಡಿಯೋದಲ್ಲಿ ಕೀಫ್ರೇಮ್ ಅಂತ ಇರುತ್ತವಲ್ಲ, ಅವು ಮಾತ್ರ ಪೂರ್ತಿ ಚಿತ್ರ. ಮಿಕ್ಕಿದ್ದೆಲ್ಲ ಹಿಂದಿನ ಚಿತ್ರದ ಬದಲಾವಣೆಗಳು ಅಷ್ಟೇ. ಕೀಫ್ರೇಮ್ ಮಾತ್ರ ತೆಗೆದರೆ ಅತಿ ಸ್ಪಷ್ಟವಾದದ್ದು ತಾನಾಗೇ ಸಿಗುತ್ತದೆ.

ವಿಡಿಯೋ ಎಡಿಟರ್

ಅರ್ಧ ಸರಿ. ಕೀಫ್ರೇಮಿಗೆ ಸಾಮಾನ್ಯವಾಗಿ ಜಾಸ್ತಿ ಡೇಟಾ ಸಿಗುತ್ತದೆ. ಹಾಗಾಗಿ ಚೌಕ ಚೌಕವಾಗಿ ಒಡೆಯುವುದು, ಕೂದಲು ಮೇಣದ ಹಾಗೆ ಆಗುವುದು ಅದರಲ್ಲಿ ಕಡಿಮೆ. ಆದರೆ ಅದು ಸಂಕೋಚನದ ಗುಣ, ಚಲನೆಗೂ ಅದಕ್ಕೂ ಸಂಬಂಧವಿಲ್ಲ. ಮಗು ನಡುವಿನಲ್ಲಿ ಹಾರುತ್ತಿದ್ದಾಗ ಕೀಫ್ರೇಮ್ ಬಿದ್ದರೆ, 25 ಪಿಕ್ಸೆಲ್ ಎಳೆತವನ್ನೇ ಅದು ಬಹಳ ಚೆನ್ನಾಗಿ ಉಳಿಸಿಕೊಟ್ಟಿರುತ್ತದೆ. ಫೋನ್ ವಿಡಿಯೋದಲ್ಲಿ ಕೀಫ್ರೇಮ್ ಹೆಚ್ಚುಕಮ್ಮಿ ಸೆಕೆಂಡಿಗೊಂದು ಬರುತ್ತದೆ. ಅದು ತುದಿಯಲ್ಲೇ ಬೀಳಬೇಕು ಅಂತ ಏನೂ ಇಲ್ಲ. ತುದಿಯ ಎರಡು ಫ್ರೇಮ್ ಒಂದೇ ಥರ ಕಂಡರೆ, ಆಗ ಅವುಗಳಲ್ಲಿ ಕೀಫ್ರೇಮ್ ಯಾವುದು ಅಂತ ನೋಡುವುದು ಸರಿ.

ಪ್ರಶ್ನೆ ಕೇಳಿದವರು

ಸರ್, ಮೊದಲ ಅರ್ಧ ಫೋನ್ ಒಂದೇ ಕಡೆ ಇತ್ತು. ಆಮೇಲೆ ಅವಳ ಜೊತೆ ತಿರುಗಿಸಿದ್ದೇನೆ. ನೀವು ಹೇಳಿದ ಹಾಗೆ ತುದಿಗಳನ್ನು ನೋಡಿದೆ. ಮೊದಲ ಅರ್ಧದಲ್ಲಿ ಎಷ್ಟೋ ಪಾಲು ಚೆನ್ನಾಗಿದೆ! ಕೊನೆಯ ಅರ್ಧದಲ್ಲಿ ಮಾತ್ರ ತುದಿಯಲ್ಲೂ ಮಸುಕು, ಹಿಂದಿನ ಮರವೂ ಮಸುಕು.

ವಿಡಿಯೋ ಎಡಿಟರ್

ಅದು ಹಾಗೇ ಆಗಬೇಕು. ತುದಿಯಲ್ಲಿ ಮಗು ನಿಂತಿತು, ಆದರೆ ತಿರುಗುತ್ತಿದ್ದ ನಿಮ್ಮ ಕೈ ತಕ್ಷಣ ನಿಲ್ಲಲಿಲ್ಲ. ಹಾಗಾಗಿ ಮಗು, ಮರ ಎರಡೂ ಒಂದೇ ದಿಕ್ಕಿಗೆ, ಒಂದೇ ಅಳತೆಗೆ ಎಳೆದಿರುತ್ತವೆ. ಮಸುಕು ಎಲ್ಲಿಂದ ಬಂತು ಅಂತ ಗುರುತಿಸುವುದು ಹೀಗೆಯೇ. ಮರ ಸ್ಪಷ್ಟವಾಗಿದ್ದು ಮುಖ ಎಳೆದಿದ್ದರೆ ಮಗುವಿನ ಚಲನೆ. ಎರಡೂ ಎಳೆದಿದ್ದರೆ ಕೈಯ ಚಲನೆ. ಕಣ್ಣೊಳಗಿನ ಬೆಳಕಿನ ಚುಕ್ಕೆಯನ್ನು ದೊಡ್ಡದು ಮಾಡಿ ನೋಡಿ. ಅದು ಗೆರೆಯಾಗಿದ್ದರೆ ಚಲನೆ, ಸುತ್ತಲೂ ಸಮನಾಗಿ ಹರಡಿದ ಬಿಲ್ಲೆಯಾಗಿದ್ದರೆ ಫೋಕಸ್ ತಪ್ಪಿದೆ. ಫೋಕಸ್ ತಪ್ಪಿದ್ದರೆ ತುದಿ ಹುಡುಕಿ ಪ್ರಯೋಜನವಿಲ್ಲ, ಬೇರೆ ಸುತ್ತಿನ ಫ್ರೇಮಿಗೇ ಹೋಗಬೇಕು.

ಫೋನಿನ ಅಲುಗಾಟ ತಡೆಯುವ ವ್ಯವಸ್ಥೆಯನ್ನೂ ಪೂರ್ತಿ ನಂಬಬೇಡಿ. ಫ್ರೇಮುಗಳನ್ನು ಆಚೀಚೆ ಸರಿಸಿ ಹೊಂದಿಸಿದರೆ ವಿಡಿಯೋ ನಿಂತ ಹಾಗೆ ಕಾಣುತ್ತದೆ. ಆದರೆ ಫ್ರೇಮಿನ ಒಳಗೆ ಆಗಲೇ ಬಿದ್ದ ಎಳೆತ ಅದರಿಂದ ಹೋಗುವುದಿಲ್ಲ.

ಛಾಯಾಗ್ರಾಹಕ

ಕೊನೆಯ ಅರ್ಧವನ್ನು ಪೂರ್ತಿ ಬಿಡಬೇಡಿ ಮೇಡಂ. ಕೈ ಸರಿಯಾಗಿ ಮಗುವಿನ ವೇಗದಲ್ಲೇ ತಿರುಗಿದ ಫ್ರೇಮುಗಳಲ್ಲಿ ಮುಖ ಸ್ಪಷ್ಟ, ಮರ ಎಳೆದಿರುತ್ತದೆ. ಜೋಕಾಲಿಯ ನಡುವಿನಲ್ಲೇ ಅಂಥದ್ದು ಸಿಗುವುದು. ನನ್ನ ಮಟ್ಟಿಗೆ ಫೋಟೋದಲ್ಲಿ ಜೀವ ಇರುವುದು ಅಲ್ಲೇ. ತುದಿಯ ಫ್ರೇಮಿನಲ್ಲಿ ಮಗು ಸುಮ್ನೆ ಗಾಳಿಯಲ್ಲಿ ಕೂತ ಹಾಗೆ ಕಾಣುತ್ತದೆ.

ವಿಡಿಯೋ ಎಡಿಟರ್

ಒಪ್ಪುತ್ತೇನೆ, ಸಿಕ್ಕರೆ ಅದು ಬಹಳ ಚೆಂದ. ಆದರೆ ಮಗು ಕಮಾನಿನ ಹಾಗೆ ಹೋಗುತ್ತದೆ, ಕೈ ಅಡ್ಡಕ್ಕೆ ತಿರುಗುತ್ತದೆ. ಎರಡೂ ಹೊಂದುವುದು ಅಪರೂಪ. ಅವರು ಕೇಳಿದ್ದು ಅತಿ ಸ್ಪಷ್ಟವಾದದ್ದು, ಅದಕ್ಕೆ ನಾನು ತುದಿಯನ್ನೇ ಹೇಳುತ್ತೇನೆ.

ಸದಸ್ಯ 2

ನನಗೂ ಇದೇ ತೊಂದರೆ. ಹಳೆಯ ಕ್ಯಾಮ್‌ಕಾರ್ಡರ್ ಕ್ಯಾಸೆಟ್ಟಿನಿಂದ ಕಂಪ್ಯೂಟರಿಗೆ ಹಾಕಿಸಿದ ಮದುವೆ ವಿಡಿಯೋ. ನಿಲ್ಲಿಸಿದರೆ ಕೈ ಆಡಿಸಿದ ಕಡೆಯೆಲ್ಲ ಬಾಚಣಿಗೆಯ ಹಲ್ಲಿನಂಥ ಅಡ್ಡಗೆರೆಗಳು. ತುದಿ ಫ್ರೇಮ್ ಹುಡುಕಿದರೆ ಹೋಗುತ್ತದಾ?

ವಿಡಿಯೋ ಎಡಿಟರ್

ನಿಮ್ಮದು ಬೇರೆ ಸಮಸ್ಯೆ. ಆ ಕ್ಯಾಮೆರಾಗಳು ಒಂದು ಫ್ರೇಮಿನ ಬೆಸ ಸಾಲುಗಳನ್ನು ಒಂದು ಕ್ಷಣದಲ್ಲಿ, ಸಮ ಸಾಲುಗಳನ್ನು ಇನ್ನೊಂದು ಕ್ಷಣದಲ್ಲಿ ಹಿಡಿಯುತ್ತಿದ್ದವು. ಎರಡು ಕ್ಷಣಗಳು ಒಂದರೊಳಗೊಂದು ಹೆಣೆದುಕೊಂಡಿವೆ, ಮಸುಕಲ್ಲ ಅದು. ಕಮಾಂಡ್ ಟೈಪ್ ಮಾಡಿ ಓಡಿಸುವ ffmpeg ಎಂಬ ವಿಡಿಯೋ ಪ್ರೋಗ್ರಾಮಿನಲ್ಲಿ `-vf bwdif` ಹಾಕಿದರೆ ಆ ಎರಡೂ ಕ್ಷಣಗಳನ್ನು ಬೇರೆ ಬೇರೆ ಫ್ರೇಮ್ ಮಾಡಿ ಕೊಡುತ್ತದೆ. ಆಯ್ಕೆಗೆ ಎರಡು ಪಟ್ಟು ಫ್ರೇಮ್ ಸಿಗುತ್ತವೆ. ಯಾರೋ ಆಗಲೇ ಚಿತ್ರವನ್ನು ಕುಗ್ಗಿಸಿ ಸಾಲುಗಳನ್ನು ಕಲಸಿಬಿಟ್ಟಿದ್ದರೆ ಮಾತ್ರ ಕಷ್ಟ.

ಪ್ರಶ್ನೆ ಕೇಳಿದವರು

ಸರ್, ನನ್ನ ಮೂರು ಫ್ರೇಮುಗಳಲ್ಲಿ ಯಾವುದು ಹೆಚ್ಚು ಸ್ಪಷ್ಟ ಅಂತ ಕಣ್ಣಿಗೆ ಗೊತ್ತಾಗುತ್ತಿಲ್ಲ. ನೋಡಿ ನೋಡಿ ಎಲ್ಲ ಒಂದೇ ಥರ ಅನಿಸುತ್ತಿದೆ.

ವಿಡಿಯೋ ಎಡಿಟರ್

ಅದಕ್ಕೊಂದು ಸುಲಭದ ದಾರಿ ಇದೆ. ಸಣ್ಣ ವಿವರಗಳು ಜಾಸ್ತಿ ಇದ್ದಷ್ಟೂ PNG ಫೈಲ್ ದೊಡ್ಡದಾಗುತ್ತದೆ. ಮಸುಕಾದ ಚಿತ್ರ ಚಿಕ್ಕದಾಗಿ ಕುಗ್ಗುತ್ತದೆ. ಆದರೆ ಪೂರ್ತಿ ಫ್ರೇಮಿನ ಗಾತ್ರ ನೋಡಿದರೆ ಮೋಸ ಹೋಗುತ್ತೀರಿ, ಯಾಕೆಂದರೆ ಅದು ಮುಖ್ಯವಾಗಿ ಹಿಂದಿನ ಮರದ ಎಲೆಗಳನ್ನು ಅಳೆಯುತ್ತದೆ. ಮುಖದ ಸುತ್ತಲಿನ ಜಾಗವನ್ನು ಮಾತ್ರ ಕತ್ತರಿಸಿ ಅಳೆಯಬೇಕು. ತುದಿ 4.4ನೇ ಸೆಕೆಂಡಿನಲ್ಲಿದ್ದರೆ ಹೀಗೆ:

```
ffmpeg -ss 4.2 -t 0.5 -i jokali.mp4 -fps_mode passthrough full_%03d.png
ffmpeg -ss 4.2 -t 0.5 -i jokali.mp4 -fps_mode passthrough -vf crop=400:400:1300:200 mukha_%03d.png
```

ಮೊದಲ ಸಾಲು ಅರ್ಧ ಸೆಕೆಂಡಿನ ಪೂರ್ತಿ ಫ್ರೇಮುಗಳನ್ನು ಉಳಿಸುತ್ತದೆ, ಸುಮಾರು ಹದಿನೈದು. ಎರಡನೆಯದು ಅವುಗಳಿಂದ ಮುಖದ ಚೌಕ ಮಾತ್ರ ತೆಗೆಯುತ್ತದೆ. ಅಗಲ, ಎತ್ತರ, ಎಡದಿಂದ ಎಷ್ಟು, ಮೇಲಿನಿಂದ ಎಷ್ಟು, ಈ ಕ್ರಮದಲ್ಲಿ ಸಂಖ್ಯೆಗಳಿವೆ. ನಿಮ್ಮ ಚಿತ್ರಕ್ಕೆ ತಕ್ಕಂತೆ ಬದಲಿಸಿಕೊಳ್ಳಿ. ಹಳೆಯ ffmpeg ಆಗಿದ್ದು `-fps_mode` ಗೊತ್ತಿಲ್ಲ ಅಂದರೆ ಅದರ ಬದಲು `-vsync 0` ಹಾಕಿ. ಆಮೇಲೆ mukha ಫೈಲುಗಳನ್ನು ಗಾತ್ರದ ಪ್ರಕಾರ ಜೋಡಿಸಿ. ಅತಿ ದೊಡ್ಡದರ ಸಂಖ್ಯೆ ಯಾವುದೋ, ಅದೇ ಸಂಖ್ಯೆಯ full ಫೈಲ್ ನಿಮ್ಮದು.

ಇದನ್ನು ಒಂದೇ ತುದಿಯ ಫ್ರೇಮುಗಳ ಮಧ್ಯೆ ಮಾತ್ರ ಹೋಲಿಸಿ. ಬೆಳಕು ಬದಲಾದರೆ ಕತ್ತಲಿನ ಕಾಳು ಕಾಳು ಜಾಸ್ತಿಯಾಗಿ ಅದೂ ಫೈಲನ್ನು ದೊಡ್ಡದು ಮಾಡುತ್ತದೆ.

ಪ್ರಶ್ನೆ ಕೇಳಿದವರು

ಮಾಡಿದೆ. ಏಳು, ಎಂಟು, ಒಂಬತ್ತು ದೊಡ್ಡವು, ಎಂಟು ಎಲ್ಲಕ್ಕಿಂತ ದೊಡ್ಡದು. ರೆಪ್ಪೆಯ ಕೂದಲೂ ಕಾಣುತ್ತದೆ! ಆದರೆ ಅದರಲ್ಲಿ ಕಣ್ಣು ಅರ್ಧ ಮುಚ್ಚಿದ್ದಾಳೆ. ಒಂಬತ್ತರಲ್ಲಿ ಪೂರ್ತಿ ತೆರೆದು ನಗುತ್ತಿದ್ದಾಳೆ.

ವಿಡಿಯೋ ಎಡಿಟರ್

ಒಂಬತ್ತನ್ನೇ ಇಟ್ಟುಕೊಳ್ಳಿ. ಒಂದೆರಡು ಪಿಕ್ಸೆಲ್ ವ್ಯತ್ಯಾಸ ಪ್ರಿಂಟಿನಲ್ಲಿ ಕಾಣುವುದಿಲ್ಲ, ಮುಚ್ಚಿದ ಕಣ್ಣು ಕಾಣುತ್ತದೆ.

ಸದಸ್ಯ 1

ಮುಂದಿನ ಸಲ 60 ಫ್ರೇಮಿನಲ್ಲಿ ತೆಗೆದರೆ ಮಸುಕು ಅರ್ಧ ಆಗುತ್ತದೆ ಅಲ್ವಾ?

ಛಾಯಾಗ್ರಾಹಕ

ಯಾವಾಗಲೂ ಅಲ್ಲ. 60 ಫ್ರೇಮ್ ಇಟ್ಟರೆ ಶಟರ್ 60ನೇ ಒಂದು ಭಾಗಕ್ಕಿಂತ ಹೆಚ್ಚು ಹೊತ್ತು ತೆರೆದಿರಲು ಆಗುವುದಿಲ್ಲ, ಅಷ್ಟೇ ಖಾತ್ರಿ. ಕತ್ತಲಾಗುವಾಗ ಅದರಿಂದ ಲಾಭ ಇದೆ, 30ರಲ್ಲಿ 30ನೇ ಒಂದು ಭಾಗದವರೆಗೂ ಹೋಗಬಹುದು. ಬಿಸಿಲಿನಲ್ಲಿ ಎರಡರಲ್ಲೂ ಶಟರ್ ಒಂದೇ ಇರಬಹುದು. ಫೋಟೋಗೆ ಅಂತಲೇ ವಿಡಿಯೋ ಮಾಡುವುದಾದರೆ ಶಟರನ್ನು ಕೈಯಿಂದ ಇಡಲು ಬಿಡುವ ಆ್ಯಪ್‌ನಲ್ಲಿ 500ನೇ ಒಂದು ಭಾಗಕ್ಕೆ ಇಡಿ. ಆಗ ಜೋಕಾಲಿಯ ನಡುವಿನಲ್ಲೂ ಎಳೆತ ಮೂರು ಪಿಕ್ಸೆಲ್. ಅದಕ್ಕೆ ಬೆಳಕು ಚೆನ್ನಾಗಿ ಬೇಕು, ವಿಡಿಯೋ ಓಡಿಸಿದಾಗ ಸ್ವಲ್ಪ ತಡೆದು ತಡೆದು ಹೋದ ಹಾಗೆಯೂ ಕಾಣುತ್ತದೆ.

ಪ್ರಶ್ನೆ ಕೇಳಿದವರು

ಒಂಬತ್ತನೆಯ ಫ್ರೇಮನ್ನು A4 ಅಳತೆಗೆ ಹಾಕಿಸಬಹುದಾ?

ವಿಡಿಯೋ ಎಡಿಟರ್

1080p ಫ್ರೇಮ್ ಅಂದರೆ 1920 × 1080, ಎರಡು ಮೆಗಾಪಿಕ್ಸೆಲ್. 6 × 4 ಇಂಚಿಗೆ ಒಂದಿಷ್ಟು ಪಕ್ಕ ಕತ್ತರಿಸಿದರೂ ಇಂಚಿಗೆ 270 ಪಿಕ್ಸೆಲ್ ಸಿಗುತ್ತದೆ, ಚೆನ್ನಾಗಿ ಬರುತ್ತದೆ. A4 ಗೆ ಇಂಚಿಗೆ 130 ಅಷ್ಟೇ. ನನ್ನ ಸಲಹೆ ಚಿಕ್ಕ ಅಳತೆ.

ಛಾಯಾಗ್ರಾಹಕ

ಗೋಡೆಗೆ ಹಾಕಿ ಎರಡು ಹೆಜ್ಜೆ ದೂರದಿಂದ ನೋಡುವುದಾದರೆ 130 ಸಾಕು. ಒರಟು ಮೇಲ್ಮೈಯ ಕಾಗದ ಆರಿಸಿ, ಹೊಳೆಯುವ ಕಾಗದ ಬೇಡ. ಆದರೆ ಶಾರ್ಪನ್ ಜಾಸ್ತಿ ಹಾಕಬೇಡಿ, ಕೆನ್ನೆಯ ಅಂಚಿಗೆ ಬಿಳಿ ಗೆರೆ ಬರುತ್ತದೆ.

ವಿಡಿಯೋ ಎಡಿಟರ್

ಕೈಯಲ್ಲಿ ಹಿಡಿದು ನೋಡುವವರೇ ಜಾಸ್ತಿ ಅಂತ ನನ್ನ ಅನಿಸಿಕೆ. ಪೂರ್ತಿ ಹಾಕಿಸುವ ಮುಂಚೆ ಮುಖದ ಭಾಗವನ್ನು ಮಾತ್ರ, A4 ನಲ್ಲಿ ಎಷ್ಟು ದೊಡ್ಡದಾಗಿ ಬರುತ್ತದೋ ಅಷ್ಟೇ ದೊಡ್ಡದಾಗಿ, ಒಂದು ಚಿಕ್ಕ ಕಾಗದದ ಮೇಲೆ ಪ್ರಿಂಟ್ ತೆಗೆದು ನೋಡಿ ಮೇಡಂ.