ಮಣ್ಣಿನ ಕೋರ್ಟಿನಲ್ಲಿ ಹೊಡೆದ ಮೇಲೂ ಜಾರುತ್ತಲೇ ಇದ್ದೇನೆ, ಎಲ್ಲಿ ತಪ್ಪುತ್ತಿದೆ?

ಬಲಗೈ ಫೋರ್‌ಹ್ಯಾಂಡ್: ಆರು ವರ್ಷ ಹಾರ್ಡ್ ಕೋರ್ಟಿನಲ್ಲೇ ಟೆನಿಸ್ ಆಡಿದವನು ನಾನು. ಹೋದ ತಿಂಗಳಿಂದ ಮಣ್ಣಿನ ಕೋರ್ಟಿಗೆ ಹೋಗುತ್ತಿದ್ದೇನೆ. ಟಾಪ್‌ಸ್ಪಿನ್ ಚೆಂಡು ಸೊಂಟದ ಮಟ್ಟಕ್ಕೆ ಬರುತ್ತೆ ಅಂದುಕೊಂಡರೆ ಭುಜಕ್ಕೆ ಬರುತ್ತದೆ. ಬಲಗಡೆ ದೂರ ಓಡಿ ಹೊಡೆದರೆ ಕಾಲು ಇನ್ನೂ ಒಂದು ಹೆಜ್ಜೆಯಷ್ಟು ಜಾರಿಕೊಂಡು ಹೋಗುತ್ತದೆ. ನಾನು ನಡುವಿಗೆ ಬರುವಷ್ಟರಲ್ಲಿ ಮುಂದಿನ ಚೆಂಡು ಎಡಗಡೆ ಹೋಗಿಯಾಗಿರುತ್ತದೆ.

ಸಂಜೆ ಆಟ: ಮಣ್ಣು ಮೆತ್ತಗಿರುತ್ತೆ ಗುರು, ಅದಕ್ಕೇ ಚೆಂಡು ನಿಧಾನ. ಎರಡು ಹೆಜ್ಜೆ ಹಿಂದೆ ನಿಲ್ಲು. ಜಾರೋದೇ ಬೇಡ, ಹಾರ್ಡ್ ಕೋರ್ಟಿನ ಹಾಗೆ ಸಣ್ಣ ಹೆಜ್ಜೆ ಇಟ್ಟು ನಿಂತು ಹೊಡಿ.

ಹಳೆ ಕೋಚ್: ಹಿಂದೆ ನಿಲ್ಲುವುದು ಸರಿ. ಆದರೆ ಕಾರಣ ಮೆತ್ತಗಿರುವುದಲ್ಲ. ಮೇಲಿನ ಪುಡಿ ಚೆಂಡನ್ನು ಉಜ್ಜಿ ಹಿಡಿಯುತ್ತದೆ. ಮುಂದಕ್ಕೆ ಹೋಗುವ ವೇಗ ಜಾಸ್ತಿ ಕಳೆಯುತ್ತದೆ, ಮೇಲಕ್ಕೆ ಏಳುವ ವೇಗ ಅಷ್ಟು ಕಳೆಯುವುದಿಲ್ಲ. ಹಾಗಾಗಿ ಚೆಂಡು ಕಡಿದಾಗಿ ಏಳುತ್ತದೆ. ಹಾರ್ಡ್ ಕೋರ್ಟಿನಲ್ಲಿ ಈ ಉಜ್ಜಾಟ ಬಣ್ಣಕ್ಕೆ ಬೆರೆಸಿದ ಮರಳಿನಿಂದ ಬರುತ್ತದೆ. ಮರಳು ಸವೆದ ಹಳೆ ಕೋರ್ಟಿನಲ್ಲಿ ಚೆಂಡು ಬೇಗ ಬರುವುದನ್ನು ನೀವೂ ನೋಡಿರುತ್ತೀರಿ, ಅಲ್ವಾ?

ಇನ್ನು ಜಾರುವ ವಿಷಯ. ನೀವು ಹೊಡೆದ ಮೇಲೆ ಜಾರುತ್ತಿದ್ದೀರಿ. ಹೊಡೆಯುವ ಮೊದಲೇ ಜಾರಬೇಕು. ಓಡುತ್ತಾ ಕೊನೆಯ ಉದ್ದ ಹೆಜ್ಜೆಯನ್ನು ಬಲಗಾಲಿನ ಮೇಲೆ ಇಡಿ, ಮಂಡಿ ಬಗ್ಗಿರಲಿ. ಪಾದದ ಅಂಚು ನೆಲಕ್ಕೆ ಕಚ್ಚಿದರೆ ಹಿಮ್ಮಡಿಗಂಟು ಉಳುಕುತ್ತದೆ, ಇಡೀ ಪಾದ ಚಪ್ಪಟೆಯಾಗಿ ಜಾರಲಿ. ರ‍್ಯಾಕೆಟ್ ಚೆಂಡಿಗೆ ತಾಗುವ ಹೊತ್ತಿಗೆ ಜಾರುವುದು ಮುಗಿಯುತ್ತಾ ಬಂದಿರಬೇಕು. ಆಗ ಅದೇ ಕಾಲಿನಿಂದ ನೆಲ ಒತ್ತಿ ವಾಪಸ್ ಬರಬಹುದು.

ಪಾಯಿಂಟ್ ಮುಗಿದ ಮೇಲೆ ನೆಲದ ಮೇಲೆ ಕಾಲು ಜಾರಿದ ಗೀಟು ನೋಡಿ. ನೀವು ಹೊಡೆದ ಜಾಗ ಗೀಟಿನ ಕೊನೆಯಲ್ಲಿರಬೇಕು. ಗೀಟಿನ ಶುರುವಿನಲ್ಲಿದ್ದರೆ ತಡವಾಗಿ ಜಾರಿದ್ದೀರಿ ಅಂತ.

ಕೋಲ್ಕತ್ತ ಕನ್ನಡಿಗ: ನಾನು ಸೌತ್ ಕ್ಲಬ್ಬಿನ ಹುಲ್ಲಿನ ಕೋರ್ಟಿನಲ್ಲಿ ಆಡಿದ್ದೇನೆ. ಅಲ್ಲಿ ಸ್ಲೈಸ್ ಮೊಣಕಾಲಿಗೂ ಬರಲಿಲ್ಲ. ಸರ್, ಈ ಜಾರುವುದನ್ನು ಅಲ್ಲೂ ಮಾಡಬಹುದಾ? ಶೂ ಯಾವುದು?

ಹಳೆ ಕೋಚ್: ಹುಲ್ಲಿನಲ್ಲಿ ಬೇಡ ಸರ್. ಎಲ್ಲಿ ಹಿಡಿತ ಸಿಗುತ್ತೆ, ಎಲ್ಲಿ ತಪ್ಪುತ್ತೆ ಅಂತ ಹೇಳೋಕಾಗಲ್ಲ, ಮುಖ್ಯವಾಗಿ ಇಬ್ಬನಿ ಇದ್ದಾಗ. ಅಲ್ಲಿ ಚೆಂಡು ಜಾರಿಕೊಂಡು ಕೆಳಗೇ ಬರುತ್ತದೆ. ಮೊದಲಿಂದಲೇ ಮಂಡಿ ಬಗ್ಗಿಸಿ, ತುಂಬ ಸಣ್ಣ ಹೆಜ್ಜೆ ಇಡಿ. ಅಡಿಯಲ್ಲಿ ಸಣ್ಣ ಸಣ್ಣ ಗುಬುಟು ಇರುವ ಶೂ ಹುಲ್ಲಿಗೆ. ಮೀನಿನ ಮುಳ್ಳಿನ ಹಾಗೆ ಗೆರೆ ಇರುವುದು ಮಣ್ಣಿಗೆ.

ಬಲಗೈ ಫೋರ್‌ಹ್ಯಾಂಡ್: ಇವತ್ತು ಗೀಟು ನೋಡಿದೆ ಸರ್. ಹತ್ತರಲ್ಲಿ ಎಂಟು ಸಲ ಗೀಟಿನ ಶುರುವಿನಲ್ಲೇ ಹೊಡೆದಿದ್ದೆ! ಒಂದು ಹೆಜ್ಜೆ ಮೊದಲೇ ಜಾರಿದಾಗ ಮೂರು ಸಲ ಸರಿಯಾಗಿ ನಿಂತೆ. ಬ್ಯಾಕ್‌ಹ್ಯಾಂಡ್ ಕಡೆ ಮಾತ್ರ ಎಡಗಾಲು ಜಾರುತ್ತಲೇ ಇಲ್ಲ, ಗಕ್ಕಂತ ನಿಲ್ಲುತ್ತೆ.

ಸಂಜೆ ಆಟ: ಆ ಕಡೆ ನೀರು ಜಾಸ್ತಿ ಹಾಕಿ ಪುಡಿ ಅಂಟಿಕೊಂಡಿರಬಹುದು.

ಹಳೆ ಕೋಚ್: ಇರಬಹುದು. ಕೋರ್ಟಿನ ತುದಿ ಬದಲಾಯಿಸಿ ಆಡಿ ನೋಡಿ. ಅಲ್ಲೂ ಎಡಗಾಲೇ ಸಿಕ್ಕಿಕೊಂಡರೆ ವಿಡಿಯೋ ಹಾಕಿ, ಪಾದ ಕಾಣುವ ಹಾಗೆ.