ಶಿಫ್ಟ್ ಮುಗಿದ ಮೇಲಿನ ಕೆಲಸ ಓವರ್‌ಟೈಮ್‌ಗೆ ಸೇರುತ್ತಿಲ್ಲ, ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ಗೋದಾಮಿನಲ್ಲಿ ಸರಕು ಇಳಿಸಿ, ಎಣಿಸಿ, ಒಳಗೆ ತೆಗೆದುಕೊಳ್ಳುವ ಕೆಲಸ ನನ್ನದು. ಶಿಫ್ಟ್ ಸಂಜೆ 6ಕ್ಕೆ ಮುಗಿಯುತ್ತದೆ. ಆದರೆ ಲಾರಿ ಎಷ್ಟೋ ಸಲ ಐದೂ ಮುಕ್ಕಾಲಿಗೆ ಬಂದು ನಿಲ್ಲುತ್ತದೆ. ಅರ್ಧ ಇಳಿಸಿ ಬಿಟ್ಟು ಹೋಗೋಕಾಗಲ್ಲ ಅಲ್ವಾ?

ಓವರ್‌ಟೈಮ್‌ಗೆ ಮೊದಲೇ ಒಪ್ಪಿಗೆ ಪಡೆಯಬೇಕು ಅನ್ನೋದು ನಮ್ಮಲ್ಲಿ ನಿಯಮ. ಸೂಪರ್‌ವೈಸರ್ "ಮುಗಿಸಿ ಹೋಗಿ" ಎಂದು ಬಾಯಿಮಾತಿನಲ್ಲಿ ಹೇಳುತ್ತಾರೆ, ಫಾರ್ಮ್‌ಗೆ ಸಹಿ ಮಾತ್ರ ಮಾರನೆಯ ದಿನ. ಮೊನ್ನೆ 6:50ಕ್ಕೆ ಪಂಚ್ ಔಟ್ ಮಾಡಿದೆ. ಕಾರಣದ ಜಾಗದಲ್ಲಿ "ಕೆಲಸ ಬಾಕಿ ಇತ್ತು" ಎಂದು ಬರೆದಿದ್ದೆ. ಒಪ್ಪಿಗೆ ತಡವಾಗಿದೆ, ಕಾರಣ ಸ್ಪಷ್ಟವಿಲ್ಲ ಎಂದು ಹಾಜರಾತಿ ವಿಭಾಗದವರು ವಾಪಸ್ ಕಳಿಸಿದರು. ಸುಮ್ನೆ ಕೂತಿದ್ದೆ ಅಂದುಕೊಂಡರೋ ಏನೋ!

ಈಗ ಹೀಗೆ ಮಾಡೋಣ ಅಂತಿದ್ದೇನೆ. 6ಕ್ಕೆ ಮುಂಚೆಯೇ ಸೂಪರ್‌ವೈಸರ್‌ಗೆ ಒಂದು ಮೆಸೇಜ್: "ಲಾರಿ 5:45ಕ್ಕೆ ಬಂತು, 40 ಪೆಟ್ಟಿಗೆ ಬಾಕಿ, ಸುಮಾರು 50 ನಿಮಿಷ ಬೇಕು, ಇರಲಾ?" ಅವರು "ಹೂಂ" ಅಂದರೂ ಬರಹದಲ್ಲಿ ಉಳಿಯುತ್ತದೆ. ಮುಗಿದ ಮೇಲೆ ರಸೀದಿ ನಂಬರ್ ಮತ್ತು ಮುಗಿದ ಸಮಯವನ್ನು ಅದರ ಕೆಳಗೇ ಹಾಕುವುದು.

ಇಂಥ ಮೆಸೇಜನ್ನು ಒಪ್ಪಿಗೆ ಅಂತ ನಿಮ್ಮ ಕಡೆ ಪರಿಗಣಿಸುತ್ತಾರಾ? ವಾಪಸ್ ಬಂದ ಫಾರ್ಮನ್ನು ಲಾರಿಯ ಗೇಟ್ ಎಂಟ್ರಿ ಜೊತೆ ಮತ್ತೆ ಕೊಡಬಹುದಾ? ಇನ್ನೊಂದು: 6ಕ್ಕೇ ಪಂಚ್ ಔಟ್ ಮಾಡಿ ಆಮೇಲೆ ಕೆಲಸ ಮುಂದುವರಿಸು ಎಂದು ಸಹೋದ್ಯೋಗಿಯೊಬ್ಬರು ಹೇಳುತ್ತಾರೆ. ಹಾಗೆ ಮಾಡಿದರೆ ಆ ಹೊತ್ತಿಗೆ ದಾಖಲೆಯೇ ಇರುವುದಿಲ್ಲ, ನನಗಂತೂ ಅದು ಬೇಡ. ಸಂಬಳದ ಲೆಕ್ಕ ನೋಡುವವರು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ.